ಡಿಸೆಂಬರ್ 3ರ ವಾರದ ಸಭೆ: ಹಿಂದಿನ ವಾರಕ್ಕಿಂತ ಬದಲಾದದ್ದು, ಹೊಸದಾಗಿ ನಿಶ್ಚಯವಾದದ್ದು

ಕಮಲಾಪುರ, ಜೇವರ್ಗಿ, ಅಫಜಲಪುರ ಮತ್ತು ಶಹಾಬಾದ್ ರೊಟ್ಟಿ ಕೇಂದ್ರಗಳ ಎಲ್ಲ ಅಕ್ಕಂದಿರಿಗೆ ಶರಣು.

ಕಲಬುರಗಿಯಲ್ಲಿ ನವೆಂಬರ್ 26ರ ಬುಧವಾರ ನಡೆದ ಸಭೆಯ ಮಾತೆಲ್ಲ 31 ಪುಟಗಳಲ್ಲಿದೆ, ಡಿಸೆಂಬರ್ 3ರ ಸಭೆಯದ್ದು 38 ಪುಟಗಳಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ಓದಿದ್ದೇನೆ. ಹೋದ ವಾರ ಇದ್ದಂತೆಯೇ ಇರುವ ಯಾವುದನ್ನೂ ಇಲ್ಲಿ ಬರೆದಿಲ್ಲ. ಇಲ್ಲಿ ಕಾಣದ ವಿಷಯ ಹೋದ ವಾರದಂತೆಯೇ ನಡೆಯುತ್ತದೆ ಎಂದು ತಿಳಿಯಿರಿ. ಒಬ್ಬರು ಹೇಳಿ, ಉಳಿದವರು ಒಪ್ಪಿ, ಅಧ್ಯಕ್ಷೆ ಅದನ್ನು ಮತ್ತೊಮ್ಮೆ ಹೇಳಿದ್ದನ್ನು ಮಾತ್ರ ನಿಶ್ಚಯ ಎಂದು ಕರೆದಿದ್ದೇನೆ. ‘ನೋಡೋಣ’, ‘ಮಾಡಬಹುದು’ ಎಂಬ ಮಾತಿಗೆ ಮುಗಿದದ್ದನ್ನು ನಿಶ್ಚಯದಲ್ಲಿ ಸೇರಿಸಿಲ್ಲ.

ಮೊದಲು ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಎಳ್ಳಮಾವಾಸ್ಯೆಗೆ ಬೆಂಗಳೂರಿನ ಅಂಗಡಿಗೆ ಕಳುಹಿಸಬೇಕಾದ ಖಡಕ್ ರೊಟ್ಟಿ 4,000 ಇದ್ದದ್ದು 6,500 ಆಗಿದೆ. ಕಳುಹಿಸುವ ದಿನವೂ ಬದಲಾಗಿದೆ. 17ರ ಬೆಳಿಗ್ಗೆ ಹೊರಡಬೇಕಿದ್ದ ಸರಕು ಈಗ 16ರ ಮಂಗಳವಾರ ರಾತ್ರಿಯ ಬಸ್ಸಿಗೆ ಹೋಗಬೇಕು. ಹಬ್ಬಕ್ಕೆ ಊರಿಗೆ ಬರಲಾಗದ ನಮ್ಮ ಕಡೆಯ ಜನ ಅಲ್ಲಿ ಒಂದೆರಡು ದಿನ ಮುಂಚೆಯೇ ರೊಟ್ಟಿ ಒಯ್ಯಲು ಬರುತ್ತಾರೆ ಎಂಬುದು ಅಂಗಡಿಯವರು ಕೊಟ್ಟ ಕಾರಣ. ಹೀಗೆ ರೊಟ್ಟಿ ಹೆಚ್ಚಾಗಿದೆ, ಸಮಯ ಕಡಿಮೆಯಾಗಿದೆ. ಈ ಎರಡೂ ಸಂಗತಿ ದಾಖಲೆಯಲ್ಲಿ ಬೇರೆ ಬೇರೆ ಪುಟಗಳಲ್ಲಿವೆ, ಒಂದು 4ರಲ್ಲಿ, ಇನ್ನೊಂದು 22ರಲ್ಲಿ. ಒಂದನ್ನು ಮಾತ್ರ ಓದಿದವರಿಗೆ ಕೆಲಸದ ಪೂರ್ತಿ ಭಾರ ತಿಳಿಯುವುದಿಲ್ಲವಾದ್ದರಿಂದ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಹಂಚಿಕೆ ಹೀಗಾಗಿದೆ: ಕಮಲಾಪುರಕ್ಕೆ 1,500 ಇದ್ದದ್ದು 2,500, ಜೇವರ್ಗಿಗೆ 1,200 ಇದ್ದದ್ದು 2,000, ಅಫಜಲಪುರಕ್ಕೆ 800 ಇದ್ದದ್ದು 1,200, ಶಹಾಬಾದಿಗೆ 500 ಇದ್ದದ್ದು 800. ನಾಲ್ಕೂ ಕೇಂದ್ರದವರು ಒಪ್ಪಿದ್ದಾರೆ. ಆದರೆ ಕಮಲಾಪುರದ ಅಕ್ಕ ಒಂದು ಷರತ್ತು ಹಾಕಿಯೇ ಒಪ್ಪಿದ್ದು. ‘ಹನ್ನೆರಡರ ಸಂಜೆಯೊಳಗೆ ಹಿಟ್ಟು ನಮ್ಮ ಕೈಗೆ ಬಂದರೆ ಆಗುತ್ತದೆ, ಹದಿಮೂರಕ್ಕೆ ಬಂದರೆ ಆಗುವುದಿಲ್ಲ’ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಅಲ್ಲಿ ರೊಟ್ಟಿ ಬಡಿಯುವವರು ಒಂಬತ್ತು ಜನ. ದಿನಕ್ಕೆ ತಲಾ ನೂರರಂತೆ 13, 14, 15ರ ಮೂರು ದಿನ ಬಡಿದರೆ 2,700 ಆಗುತ್ತದೆ. ಇನ್ನೂರು ಮಾತ್ರ ಹೆಚ್ಚುವರಿ ಉಳಿಯುತ್ತದೆ, ಅರ್ಧ ದಿನ ಹಾಳಾದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕಮಲಾಪುರದ 2,500 ಎಂಬ ಅಂಕಿಯನ್ನು ಬರೆದುಕೊಳ್ಳುವವರು ‘12ರ ಸಂಜೆಯೊಳಗೆ ಹಿಟ್ಟು’ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಜೋಳದ ಖರೀದಿಯ ನಿಶ್ಚಯವೂ ಬದಲಾಗಿದೆ. ಮಾರುಕಟ್ಟೆಯಿಂದ 12 ಕ್ವಿಂಟಾಲ್ ಮಾಲದಂಡಿ ಒಂದೇ ಸಲಕ್ಕೆ ತರುವುದು ಎಂದು ಹೋದ ವಾರ ಆಗಿತ್ತು. ಈ ವಾರ ಅದನ್ನು ಕೈಬಿಟ್ಟು, ಮೊದಲು ಸದಸ್ಯರ ಮನೆಗಳಲ್ಲಿ ಉಳಿದಿರುವ ಜೋಳದಿಂದ 5 ಕ್ವಿಂಟಾಲ್ ಕೊಳ್ಳುವುದು, ಮಿಕ್ಕ 7 ಕ್ವಿಂಟಾಲಿನ ಮಾತನ್ನು ಹಬ್ಬ ಕಳೆದ ಮೇಲೆ ಎತ್ತುವುದು ಎಂದಾಗಿದೆ. ಕಾರಣ ಹೇಳಿದವರು ಅಫಜಲಪುರದವರು. ಹಿಂಗಾರಿ ಜೋಳ ಈಗ ಹೊಲದಲ್ಲಿ ನಿಂತಿದೆ, ಹೊಸ ಕಾಳು ಬರಲು ಫೆಬ್ರುವರಿ ದಾಟಬೇಕು. ಈಗ ಮಾರುಕಟ್ಟೆಗೆ ಬರುವುದು ಹಳೆಯ ಕಾಳು, ಅದನ್ನು ಯಾರು ಎಷ್ಟು ದಿನ ಹೇಗೆ ಇಟ್ಟಿದ್ದರು ಎಂಬುದು ನಮಗೆ ತಿಳಿಯುವುದಿಲ್ಲ. ಮನೆಯ ಜೋಳವಾದರೆ ಯಾರ ಹೊಲದ್ದು, ಯಾವ ಹಗೇವಿನದ್ದು ಎಂಬುದು ಗೊತ್ತಿರುತ್ತದೆ. ಜಿಗುಟು ಕಳೆದುಕೊಂಡ ಹಿಟ್ಟಿನಲ್ಲಿ ಎಷ್ಟು ಕುದಿನೀರು ಹಾಕಿ ನಾದಿದರೂ ರೊಟ್ಟಿಯ ಅಂಚು ಸೀಳುತ್ತದೆ, ಇದನ್ನು ನಿಮಗೆ ನಾನು ಹೇಳಬೇಕಿಲ್ಲ. ಕೆಜಿ ಹಿಟ್ಟಿಗೆ 16 ರೊಟ್ಟಿಯೆಂಬ ನಮ್ಮ ಲೆಕ್ಕದಂತೆ 6,500 ರೊಟ್ಟಿಗೆ ನಾಲ್ಕು ಕ್ವಿಂಟಾಲಿಗಿಂತ ತುಸು ಹೆಚ್ಚು ಬೇಕು. ಜರಡಿಯಲ್ಲಿ ಹೋಗುವುದನ್ನು ಹಿಡಿದರೂ 5 ಕ್ವಿಂಟಾಲ್ ಸಾಕಾಗುತ್ತದೆ.

ಇದರ ಜೊತೆಗೆ ಎರಡು ಹೊಸ ನಿಶ್ಚಯಗಳಾಗಿವೆ. ಜೋಳ ಕೊಡುವ ಪ್ರತಿ ಮನೆಯಿಂದ ಮೊದಲು 2 ಕೆಜಿ ತಂದು, ಬೀಸಿ, ರೊಟ್ಟಿ ಬಡಿದು ನೋಡಿ, ಆಮೇಲೆ ತೂಕ ಹಾಕುವುದು. ಬೀಸಿದ ಹಿಟ್ಟನ್ನು ಮೂರು ದಿನಕ್ಕಿಂತ ಹೆಚ್ಚು ಇಡದಿರುವುದು. ಬಡಿಯುವುದು 13ರಿಂದ 15ರವರೆಗೆ ಇರುವುದರಿಂದ ಗಿರಣಿಗೆ ಒಯ್ಯುವ ದಿನ 12 ಎಂದಾಯಿತು. ಕಮಲಾಪುರದ ಷರತ್ತಿಗೆ ಇದು ಸರಿಹೊಂದುತ್ತದೆ, ಆದರೆ ಅಂದು ಕರೆಂಟ್ ಹೋದರೆ ಏನು ಮಾಡುವುದು ಎಂಬುದನ್ನು ಸಭೆಯಲ್ಲಿ ಯಾರೂ ಕೇಳಿಲ್ಲ. ಬೀಸುವ ಕೆಲಸ ಬೆಳಿಗ್ಗೆಯೇ ಮುಗಿಯುವಂತೆ ನೋಡಿಕೊಳ್ಳಿ ಎಂಬುದು ನನ್ನ ಕೋರಿಕೆ, ಸಭೆಯ ನಿಶ್ಚಯವಲ್ಲ.

ಪ್ಯಾಕೆಟ್ಟಿಗೆ ಹತ್ತರ ಬದಲು ಐದು ರೊಟ್ಟಿ. ಅಕ್ಟೋಬರ್‌ನಲ್ಲಿ ಕಳುಹಿಸಿದ 1,000ದಲ್ಲಿ 140 ರೊಟ್ಟಿ ದಾರಿಯಲ್ಲಿ ಮುರಿದಿದ್ದವು, ಹೆಚ್ಚಿನವು ಕಟ್ಟಿನ ಕೆಳಗಿದ್ದವು. ಹೀಗಾಗಿ 1,300 ಪ್ಯಾಕೆಟ್ ಆಗುತ್ತವೆ. ರೊಟ್ಟಿಗಳ ನಡುವೆ ಹಳೆಯ ಪತ್ರಿಕೆ ಇಡುವುದನ್ನು ಪೂರ್ತಿ ನಿಲ್ಲಿಸಿ ಬೆಣ್ಣೆ ಕಾಗದ ಬಳಸುವುದೆಂದೂ ಆಗಿದೆ. ಅಚ್ಚಿನ ಮಸಿ ಆಹಾರಕ್ಕೆ ಹತ್ತಬಾರದು. ಇದನ್ನು ನಾವು ಮುಂಚೆಯೇ ಮಾಡಬೇಕಿತ್ತು.

ಇನ್ನು ನನ್ನನ್ನು ಎರಡು ದಿನ ಕಾಡಿದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಹೋದ ವಾರದ ದಾಖಲೆಯ 14ನೇ ಪುಟದಲ್ಲಿ ರೊಟ್ಟಿ ಬಡಿಯುವ ಕೂಲಿ ಒಂದು ರೊಟ್ಟಿಗೆ ₹3 ಎಂದು ನಿಶ್ಚಯವಾಗಿದೆ. ಅಧ್ಯಕ್ಷೆ ಅದನ್ನು ಎರಡು ಸಲ ಹೇಳಿದ್ದಾರೆ, ಯಾರೂ ಬೇಡವೆಂದಿಲ್ಲ. ಈ ವಾರದ 27ನೇ ಪುಟದಲ್ಲಿ ಖಜಾಂಚಿ ಅಕ್ಕ ಹಬ್ಬದ ಖರ್ಚು ಓದುವಾಗ ಅದೇ ಕೂಲಿಯನ್ನು ₹2.50 ಎಂದು ಹಿಡಿದಿದ್ದಾರೆ. ಕೂಲಿ ಇಳಿಸೋಣ ಎಂದು ಈ ನಡುವೆ ಯಾರೂ ಹೇಳಿಲ್ಲ, ಯಾರೂ ಒಪ್ಪಿಲ್ಲ. ಲೆಕ್ಕ ಓದುತ್ತಾ ಹೋಯಿತು, ಎಲ್ಲರ ಗಮನ ಒಟ್ಟು ಮೊತ್ತದ ಮೇಲಿತ್ತು, ಮಾತು ಮುಂದಿನ ವಿಷಯಕ್ಕೆ ಹೋಯಿತು. ಈ ವಾರದ ಪುಟಗಳನ್ನಷ್ಟೇ ಓದಿದವರಿಗೆ ₹2.50 ಎಂಬುದೇ ದರವೆಂದು ತೋರುತ್ತದೆ.

6,500 ರೊಟ್ಟಿಗೆ ಈ ಐವತ್ತು ಪೈಸೆ ₹3,250 ಆಗುತ್ತದೆ. ಅದು ಒಲೆಯ ಮುಂದೆ ಮೂರು ದಿನ ಕೂರುವವರ ಹಣ. ಮರುದಿನ ನಾನು ಖಜಾಂಚಿ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ದಸರೆಗಿಂತ ಹಿಂದಿನ ದರ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು, ಅದನ್ನೇ ನೋಡಿ ಓದಿದೆ ಎಂದು ಅವರು ಕೂಡಲೇ ಹೇಳಿದರು. ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ₹3ರಂತೆ ಕೊಟ್ಟರೆ ಬೆಣ್ಣೆ ಕಾಗದ ಮತ್ತು ರಟ್ಟಿನ ಪೆಟ್ಟಿಗೆಯ ಹೊಸ ಖರ್ಚು ಎಲ್ಲಿಂದ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಡಿಸೆಂಬರ್ 10ರ ಸಭೆಯಲ್ಲಿ ಎತ್ತುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ನಿಶ್ಚಯವಾದ ದರ ₹3. ಕೂಲಿ ಬದಲಾಗಿಲ್ಲ.

ಬದಲಾದಂತೆ ಕಂಡು ಬದಲಾಗದ ಇನ್ನೊಂದು ಶೇಂಗಾ ಹಿಂಡಿಯದ್ದು. ಹೋದ ವಾರ 15 ಕೆಜಿ ಎಂದಿತ್ತು, ಈ ವಾರದ ಬರಹದಲ್ಲಿ 25 ಎಂದಿದೆ. ಮೊಬೈಲಿನ ಧ್ವನಿಮುದ್ರಣವನ್ನು ನಾಲ್ಕು ಸಲ ಹಾಕಿ ಕೇಳಿದೆ. ಪಕ್ಕದ ಕೋಣೆಯ ರೊಟ್ಟಿ ಬಡಿಯುವ ಸದ್ದಿನಲ್ಲಿ ಮಾತಿನ ಮೊದಲರ್ಧ ಮುಚ್ಚಿಹೋಗಿದೆ, ಆದರೂ ‘ಹದಿನೈದು’ ಎಂಬುದು ತಿಳಿಯುತ್ತದೆ. ಜೇವರ್ಗಿಯವರನ್ನು ಕೇಳಿದಾಗ ಅವರೂ ಹದಿನೈದೇ ಎಂದರು. ಬರಹದಲ್ಲಿ ತಿದ್ದಿದ್ದೇನೆ. ಹೆಚ್ಚಿನ ಶೇಂಗಾ ಹುರಿಯಬೇಡಿ.

ಹೋದ ವಾರ ಮಾತಾಗಿ ಈ ವಾರ ಸದ್ದಿಲ್ಲದ ಒಂದು ಕೆಲಸವಿದೆ. ನಮ್ಮ ಎಫ್‌ಎಸ್‌ಎಸ್‌ಎಐ ನೋಂದಣಿಯ ಅವಧಿ ಡಿಸೆಂಬರ್ 21ಕ್ಕೆ ಮುಗಿಯುತ್ತದೆ. 5ರೊಳಗೆ ನವೀಕರಣದ ಅರ್ಜಿ ಹಾಕುವುದು ಅಫಜಲಪುರದ ಅಕ್ಕನ ಪಾಲಿಗೆ ಬಂದಿತ್ತು. ಈ ವಾರದ 38 ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಮಾತು ಬರಲಿಲ್ಲವೆಂದು ಕೆಲಸ ಮುಗಿದಿದೆ ಎಂದಾಗಲಿ, ಬೇಡವಾಗಿದೆ ಎಂದಾಗಲಿ ತಿಳಿಯಬಾರದು. ವಿಚಾರಿಸಿದಾಗ, ಬಾಡಿಗೆ ಕರಾರು ಪತ್ರದ ಪ್ರತಿ ಸಿಗದೆ ಅರ್ಜಿ ನಿಂತಿದೆ ಎಂದು ಅವರು ಹೇಳಿದರು. ಆ ಪ್ರತಿ ಕಲಬುರಗಿಯ ಕಪಾಟಿನಲ್ಲಿತ್ತು, ನಿನ್ನೆ ಸಂಜೆಯೇ ಕಳುಹಿಸಿದ್ದೇನೆ. ಇದು ಈಗಲೇ ಯಾಕೆ ಮುಖ್ಯವೆಂದರೆ, ಪ್ಯಾಕೆಟ್ ಮೇಲೆ ತಯಾರಿಸಿದ ದಿನಾಂಕ ಮತ್ತು 14 ಅಂಕಿಯ ನೋಂದಣಿ ಸಂಖ್ಯೆ ಇರುವ ಹೊಸ ಲೇಬಲ್ 3,000 ಅಚ್ಚು ಹಾಕಿಸುವುದೆಂದು ಈ ವಾರ ನಿಶ್ಚಯವಾಗಿದೆ. ಹಬ್ಬಕ್ಕೆ 1,300 ಬಳಕೆಯಾದರೆ ಮಿಕ್ಕ 1,700 ಲೇಬಲ್ ಅಂಟಿಸುವ ಹೊತ್ತಿಗೆ 21ನೇ ತಾರೀಖು ದಾಟಿರುತ್ತದೆ. ಲೇಬಲ್ ನಿಶ್ಚಯಿಸಿದ ಹೊತ್ತಿನಲ್ಲಿ ನೋಂದಣಿಯ ನೆನಪು ಯಾರಿಗೂ ಬಂದಂತಿಲ್ಲ. ಅರ್ಜಿ ಹಾಕಿದ ರಸೀದಿ ಬರುವವರೆಗೆ 1,300 ಮಾತ್ರ ಅಚ್ಚು ಹಾಕಿಸಲು ಅಧ್ಯಕ್ಷೆಯ ಒಪ್ಪಿಗೆ ಕೇಳಿದ್ದೇನೆ, ಉತ್ತರ ಬರಬೇಕಿದೆ.

ರೊಟ್ಟಿ ಯಂತ್ರದ ಬಗ್ಗೆ ಆರು ಪುಟ ಮಾತಾಗಿದೆ. ಕೈಯಿಂದ ಬಡಿದ ರೊಟ್ಟಿಯ ರುಚಿ, ಭುಜದ ನೋವು, ಸಾಲದ ಹೆದರಿಕೆ, ಎಲ್ಲವೂ ಹೋದ ವಾರದವೇ. ಹೊಸದು ಇಷ್ಟೇ: ಕೇಳಿದ್ದ ಎರಡು ದರಪಟ್ಟಿಗಳಲ್ಲಿ ಒಂದು ಬಂದಿದೆ. ಕೊಳ್ಳುವುದೂ ನಿಶ್ಚಯವಾಗಿಲ್ಲ, ಬಿಡುವುದೂ ನಿಶ್ಚಯವಾಗಿಲ್ಲ. ಕಟ್ಟಿಗೆ ಒಲೆಯೋ ಗ್ಯಾಸ್ ಒಲೆಯೋ ಎಂಬುದರಲ್ಲಿ ಹೊಸದೇನೂ ಇಲ್ಲ.

ಮುಂದಿನ ಸಭೆ ಡಿಸೆಂಬರ್ 10ರ ಬುಧವಾರವೇ, ಆದರೆ ಮಧ್ಯಾಹ್ನ 3ರ ಬದಲು ಬೆಳಿಗ್ಗೆ 11ಕ್ಕೆ, ಕಲಬುರಗಿಯ ಬದಲು ಜೇವರ್ಗಿ ಕೇಂದ್ರದಲ್ಲಿ. ಮನೆಯಲ್ಲಿ ಮಾಲದಂಡಿ ಇರುವವರು ಎಷ್ಟು ಕೊಡಬಲ್ಲಿರಿ ಎಂಬುದನ್ನು ಡಿಸೆಂಬರ್ 6ರ ಶನಿವಾರ ಸಂಜೆಯೊಳಗೆ ನಿಮ್ಮ ಕೇಂದ್ರದ ಮುಖ್ಯಸ್ಥೆಗೆ ತಿಳಿಸಿ, ಪರೀಕ್ಷೆಯ 2 ಕೆಜಿ ಜೊತೆಗೇ ಕಳುಹಿಸಿ. ನಾನು ಬರೆದದ್ದಕ್ಕೂ ಸಭೆಯಲ್ಲಿ ನೀವು ಕೇಳಿದ್ದಕ್ಕೂ ವ್ಯತ್ಯಾಸ ಕಂಡರೆ, ಅದರಲ್ಲೂ ಕೂಲಿಯ ವಿಷಯದಲ್ಲಿ, ಅದೇ ಸಂಜೆಯೊಳಗೆ ನನಗೆ ಫೋನ್ ಮಾಡಿ.

ಸಭೆಯ ದಾಖಲೆ ಬರೆಯುವವಳು,
ಕಲಬುರಗಿ, ಡಿಸೆಂಬರ್ 5