ಬಿಗಿಯಾದ ಮುಚ್ಚಳ: ಒಂದನೇ ತರಗತಿಯ ಪಾತ್ರಾಭಿನಯ

(ಚಿತ್ರದುರ್ಗದ ಶಾಲೆಯೊಂದರ ಜಗಲಿ. ಬಿಸಿಯೂಟ ಮುಗಿದಿದೆ. ಕೈಯಲ್ಲಿ ಸಾಂಬಾರಿನ ಜಿಡ್ಡು ಉಳಿದಿರುವುದರಿಂದ ಸಿರಿಗೆ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಲಾಗುತ್ತಿಲ್ಲ. ಬಸವ ತಟ್ಟೆ ತೊಳೆದು ಬರುತ್ತಾನೆ.)

ಸಿರಿ: ಬಸವ, ಈ ಮುಚ್ಚಳ ಬರುತ್ತಿಲ್ಲ. ಸ್ವಲ್ಪ ಸಹಾಯ ಮಾಡುತ್ತೀಯಾ?

ಬಸವ: ಮಾಡುತ್ತೇನೆ. ನಾನೇ ತೆಗೆಯಲಾ, ಇಲ್ಲ ನೀನು ತಿರುಗಿಸುವಾಗ ಬಾಟಲಿ ಹಿಡಿದುಕೊಳ್ಳಲಾ?

(ಶಿಕ್ಷಕರಿಗೆ: ಈ ಪ್ರಶ್ನೆಯೇ ದೃಶ್ಯದ ಜೀವಾಳವಾದ್ದರಿಂದ, ಕೇಳದೆಯೇ ಬಾಟಲಿಯನ್ನು ಕಿತ್ತುಕೊಳ್ಳುವ ಮಗುವನ್ನು, ಅಂಥವರು ಇದ್ದೇ ಇರುತ್ತಾರೆ, ಗದರದೆ ಇಲ್ಲಿಂದಲೇ ಮತ್ತೊಮ್ಮೆ ಆಡಿಸಬೇಕು.)

ಸಿರಿ: ನೀನು ಹಿಡಿದುಕೋ, ನಾನು ತಿರುಗಿಸುತ್ತೇನೆ.

(ಇಬ್ಬರೂ ಪ್ರಯತ್ನಿಸುತ್ತಾರೆ, ಮುಚ್ಚಳ ಅಲುಗುವುದಿಲ್ಲ.)

ಬಸವ: ನಮ್ಮಿಬ್ಬರಿಂದಲೂ ಆಗುತ್ತಿಲ್ಲ. ಮಿಸ್ ಹತ್ತಿರ ಕೇಳೋಣವಾ?

ಸಿರಿ: ಕೇಳೋಣ. ಹಿಡಿದುಕೊಂಡಿದ್ದಕ್ಕೆ ಥ್ಯಾಂಕ್ಸ್ ಕಣೋ.

ಇಬ್ಬರೂ: ಮಿಸ್, ಇದನ್ನು ತೆಗೆದುಕೊಡುತ್ತೀರಾ?