ರೆಸ್ಯೂಮೆಯಲ್ಲಿ ಬರೆದಿದ್ದಕ್ಕೆ ಉತ್ತರ ಇರಲಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರುವವರು ಮುಂದೆ ಬನ್ನಿ, ಈ ಮೈಕ್ ನಂಬೋ ಹಾಗಿಲ್ಲ.

ಮುಂದಿನ ತಿಂಗಳಿಂದ ಪ್ಲೇಸ್‌ಮೆಂಟ್‌ಗೆ ಕಂಪನಿಗಳು ಬರುತ್ತವೆ. ಕೆಲವು ಇಲ್ಲಿಗೇ ಬರುತ್ತವೆ, ಕೆಲವಕ್ಕೆ ಪೂಲ್ ಡ್ರೈವ್ ಅಂತ ಬೆಂಗಳೂರಿಗೆ ಹೋಗಬೇಕು. ಆಪ್ಟಿಟ್ಯೂಡ್ ಬಗ್ಗೆ ಜಾಸ್ತಿ ಹೇಳಲ್ಲ. ಶೇಕಡಾ, ಲಾಭ-ನಷ್ಟ, ರೈಲಿನ ವೇಗ, ಎಲ್ಲಾ ಹೈಸ್ಕೂಲ್ ಲೆಕ್ಕಗಳೇ. ಟೈಮರ್ ಇಟ್ಟುಕೊಂಡು ದಿನಾ ಒಂದು ಗಂಟೆ ಮಾಡಿ.

ನನಗೆ ಚಿಂತೆ ಇರೋದು ನಿಮ್ಮ ರೆಸ್ಯೂಮೆ ಬಗ್ಗೆ. ನೀವು ಕೊಟ್ಟಿರುವುದನ್ನೆಲ್ಲ ಓದಿದೆ. ಅರ್ಧ ಜನರದ್ದು ಒಬ್ಬರದ್ದೇ ಕಾಪಿ. ಸೀನಿಯರ್ ಒಬ್ಬನ ಹವ್ಯಾಸ ಕೂಡ ಹಾಗೇ ಬಂದುಬಿಟ್ಟಿದೆ! ಇಷ್ಟೊಂದು ಜನ ಚೆಸ್ ಆಡೋರು ನಮ್ಮ ಕಾಲೇಜಲ್ಲಿ ಇದ್ದಾರಾ?

ಒಬ್ಬರ ಪ್ರಾಜೆಕ್ಟ್ ಕಾಫಿ ಗಿಡಕ್ಕೆ ತಾನಾಗಿಯೇ ನೀರು ಬಿಡೋ ವ್ಯವಸ್ಥೆ. ಸಕಲೇಶಪುರದ ಕಡೆಯವರಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ? ಆದರೆ ಅಣಕು ಸಂದರ್ಶನದಲ್ಲಿ, 'ಆರ್ಡುಯಿನೊ ಊನೊದಲ್ಲಿ ಸೆನ್ಸರ್ ರೀಡಿಂಗ್ 0ಯಿಂದ 1023ರವರೆಗೇ ಯಾಕೆ ಬರುತ್ತೆ?' ಅಂದರೆ ಮೌನ. ಅದರ ಎಡಿಸಿ 10 ಬಿಟ್‌ನದು, 2ರ ಘಾತ 10 ಅಂದರೆ 1024 ಹಂತ, ಅಷ್ಟೇ. ಮುಂದಿನ ಪ್ರಶ್ನೆಯೂ ಹೇಳಿಬಿಡುತ್ತೇನೆ: ಎರಡು ಕಡ್ಡಿಯ ಅಗ್ಗದ ಸೆನ್ಸರ್ ಒದ್ದೆ ಮಣ್ಣಲ್ಲಿ ತುಕ್ಕು ಹಿಡಿಯುತ್ತಲ್ಲಾ, ಆಮೇಲೆ ಏನು ಮಾಡ್ತೀರಿ? ಇದಕ್ಕೆ ಉತ್ತರ ಕೊಟ್ಟವರು ಪ್ರಾಜೆಕ್ಟ್ ತಾವೇ ಮಾಡಿದ್ದಾರೆ ಅಂತ ಎದುರಿಗಿದ್ದವರಿಗೆ ಗೊತ್ತಾಗುತ್ತೆ.

ಕಂಪ್ಯೂಟರ್ ಸೈನ್ಸ್‌ನವರು ನಗಬೇಡಿ. ಎಸ್‌ಕ್ಯೂಎಲ್ ಅಂತ ದಪ್ಪಕ್ಷರದಲ್ಲಿ ಬರೆದು, `WHERE`ಗೂ `HAVING`ಗೂ ಏನು ವ್ಯತ್ಯಾಸ ಅಂದರೆ ತಲೆ ಕೆರೆಯೋರು ನೀವೇ. ಗುಂಪು ಮಾಡೋಕೆ ಮುಂಚೆ ಸೋಸೋದು ಮೊದಲನೆಯದು, ಗುಂಪು ಮಾಡಿದ ಮೇಲೆ ಸೋಸೋದು ಎರಡನೆಯದು. ಎರಡು ನಿಮಿಷ ಮಾತಾಡೋಕೆ ಬರದ ಸಾಲನ್ನು ಇವತ್ತೇ ಅಳಿಸಿ. ಅರ್ಧ ಪುಟ ಉಳಿದರೂ ಪರವಾಗಿಲ್ಲ.

ಕನ್ನಡ ಮೀಡಿಯಂನಿಂದ ಬಂದವರು ಇಂಗ್ಲಿಷ್‌ಗೆ ಹೆದರ್ತೀರಿ, ಗೊತ್ತು. ಬಾಯಿಪಾಠ ಮಾಡಿದ ಪರಿಚಯ ನಡುವೆ ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತೆ. ಅದರ ಬದಲು ನಿಮ್ಮ ಪ್ರಾಜೆಕ್ಟನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ವಿವರಿಸಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಸುಮ್ನೆ ಸುತ್ತಬೇಡಿ.

ಬೆಂಗಳೂರಿನ ಡ್ರೈವ್ ಇದ್ದರೆ ಹಿಂದಿನ ದಿನವೇ ಹೊರಡಿ. ಬೆಳಿಗ್ಗೆ ಬಸ್ಸು ನೆಲಮಂಗಲದ ಹತ್ತಿರ ಸಿಕ್ಕಿಕೊಂಡರೆ ಎಚ್‌ಆರ್ ಕಾಯಲ್ಲ. ಬ್ಯಾಕ್‌ಲಾಗ್ ಮುಚ್ಚಿಡಬೇಡಿ, ಅಂಕಪಟ್ಟಿ ನೋಡೇ ನೋಡ್ತಾರೆ. ಇನ್ನೊಂದು, ಕೆಲಸ ಕೊಡಿಸ್ತೀವಿ, ಮೊದಲು ಡೆಪಾಸಿಟ್ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯೂ ಕಳಿಸಬೇಡಿ. ನೇರ ನನ್ನ ಹತ್ತಿರ ಬನ್ನಿ.

ತಿದ್ದಿದ ರೆಸ್ಯೂಮೆ ಶನಿವಾರ ಸಂಜೆ 4ರೊಳಗೆ ಪ್ಲೇಸ್‌ಮೆಂಟ್ ಆಫೀಸಿಗೆ ಬರಬೇಕು. ಸೋಮವಾರದಿಂದ ಮತ್ತೆ ಅಣಕು ಸಂದರ್ಶನ, ಮೊದಲು ಮೆಕ್ಯಾನಿಕಲ್‌ನವರು. ಈಗ ಪ್ರಶ್ನೆ ಕೇಳಿ. ಸಂಬಳ ಎಷ್ಟು ಅನ್ನೋದು ಬಿಟ್ಟು ಬೇರೆ ಏನಾದರೂ ಇದ್ದರೆ ಮೊದಲು ಅದು.