ಎಂಟರ್ ಒತ್ತಿದ ಮೇಲೆ, ಪುಟ ಕಾಣುವ ತನಕ

ಎಲ್ಲರಿಗೂ ನಮಸ್ಕಾರ. ಬೆಳಗ್ಗಿಂದ ಕೋಡಿಂಗ್ ಸ್ಪರ್ಧೆಯಲ್ಲಿ ಕೂತು ಬಂದವರೂ ಇಲ್ಲಿದ್ದೀರಿ, ಮೊದಲ ವರ್ಷದವರೂ ಇದ್ದೀರಿ. ಅದಕ್ಕೇ ಯಾರಿಗೂ ಏನೂ ಗೊತ್ತಿಲ್ಲ ಅಂತಲೇ ಶುರು ಮಾಡುತ್ತೇನೆ. ನಾನು ವೆಬ್ ಪುಟಗಳನ್ನು ವೇಗವಾಗಿಸುವ ಕೆಲಸ ಮಾಡುತ್ತೇನೆ. ಆ ಕೆಲಸದಲ್ಲಿ ಮತ್ತೆ ಮತ್ತೆ ಕಂಡ ಒಂದೇ ಸಂಗತಿಯನ್ನು ಇವತ್ತು ನಿಮ್ಮ ಮುಂದೆ ಇಡಬೇಕು ಅಂತಿದ್ದೇನೆ: ಪುಟ ತೆರೆಯುವಾಗ ಬ್ರೌಸರ್ ಲೆಕ್ಕ ಮಾಡುವುದಕ್ಕಿಂತ ಕಾಯುವುದೇ ಜಾಸ್ತಿ. ಯಾಕೆ ಕಾಯುತ್ತದೆ, ಯಾರಿಗಾಗಿ ಕಾಯುತ್ತದೆ ಅಂತ ನೋಡೋಣ.

ತೆರೆಯ ಮೇಲೆ ಒಂದು ವಿಳಾಸ ಇದೆ.

```
https://www.example.org/fest/schedule.html
```

ಇದರ ಸರ್ವರ್ ಇಲ್ಲಿಂದ 10,000 ಕಿಲೋಮೀಟರ್ ದೂರ ಇದೆ ಅಂದುಕೊಳ್ಳಿ. ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಅಲ್ಲಿಗೆ ಹೋಗಲು 50 ಮಿಲಿಸೆಕೆಂಡ್, ವಾಪಸ್ ಬರಲು 50. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು 100 ಮಿಲಿಸೆಕೆಂಡ್. ನಿಮ್ಮ ಪ್ರೊಸೆಸರ್ ಎಷ್ಟೇ ಜೋರಾಗಿದ್ದರೂ ಈ ಸಂಖ್ಯೆ ಕಡಿಮೆ ಆಗುವುದಿಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಎಂಟರ್ ಒತ್ತುವ ಮುಂಚೆಯೇ ಕೆಲಸ ಶುರುವಾಗಿರುತ್ತದೆ. ನೀವು ಅಕ್ಷರ ಒತ್ತುತ್ತಿದ್ದಂತೆ ಬ್ರೌಸರ್ ನಿಮ್ಮ ಹಳೆಯ ಹಿಸ್ಟರಿ ಹುಡುಕುತ್ತದೆ. ಯಾವ ಸೈಟಿಗೆ ಹೊರಟಿದ್ದೀರಿ ಅಂತ ಅದಕ್ಕೆ ಅಂದಾಜು ಸಿಕ್ಕರೆ, ಕ್ರೋಮ್‌ನಂಥ ಬ್ರೌಸರ್ ಆ ಸರ್ವರ್ ಜೊತೆ ಸಂಪರ್ಕವನ್ನೂ ಮುಂಚಿತವಾಗಿ ಮಾಡಿಕೊಂಡಿರುತ್ತದೆ. ನೀವು ಬರೆದದ್ದು ವಿಳಾಸವೋ, ಸುಮ್ನೆ ಹುಡುಕುವ ಪದವೋ ಅನ್ನುವುದನ್ನೂ ಅದೇ ತೀರ್ಮಾನಿಸಬೇಕು. `https` ಅಂತ ನೀವು ಬರೆಯದೇ ಇದ್ದರೂ, ಕೆಲವು ಸೈಟ್‌ಗಳಿಗೆ ಯಾವಾಗಲೂ ಸುರಕ್ಷಿತ ದಾರಿಯಲ್ಲೇ ಹೋಗಬೇಕು ಅನ್ನುವ ಪಟ್ಟಿಯೊಂದು ಬ್ರೌಸರ್ ಒಳಗೇ ಇರುತ್ತದೆ. ಅದನ್ನು ಎಚ್‌ಎಸ್‌ಟಿಎಸ್ ಪ್ರೀಲೋಡ್ ಪಟ್ಟಿ ಅನ್ನುತ್ತಾರೆ.

ಈಗ ಎಂಟರ್ ಒತ್ತಿದಿರಿ. ನೆಟ್‌ವರ್ಕ್‌ಗೆ `www.example.org` ಅನ್ನುವ ಹೆಸರು ಅರ್ಥವಾಗುವುದಿಲ್ಲ, ಸಂಖ್ಯೆಗಳ ರೂಪದ ಐಪಿ ವಿಳಾಸ ಬೇಕು. ಇಂಟರ್ನೆಟ್‌ಗಿಂತ ಮುಂಚಿನ ಆರ್ಪಾನೆಟ್ ನೆಟ್‌ವರ್ಕ್ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ವಿಳಾಸವೂ `HOSTS.TXT` ಅನ್ನುವ ಒಂದೇ ಕಡತದಲ್ಲಿ ಇದ್ದವು. ಎಲ್ಲರೂ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ನೆಟ್‌ವರ್ಕ್ ಬೆಳೆದ ಹಾಗೆ ಆ ಒಂದು ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್ ರೂಪಿಸಿದರು. ಅದರ ಮೂಲ ವಿಚಾರ ಇವತ್ತಿಗೂ ಹಾಗೇ ಇದೆ: ಎಲ್ಲವನ್ನೂ ಒಬ್ಬರೇ ತಿಳಿದಿರಬೇಕಾಗಿಲ್ಲ, ಮುಂದೆ ಯಾರನ್ನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ಬ್ರೌಸರ್ ಮೊದಲು ಹಳೆಯ ಉತ್ತರಗಳನ್ನು ಇಟ್ಟುಕೊಂಡ ತನ್ನ ಕ್ಯಾಶ್ ನೋಡುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಅಲ್ಲೂ ಇಲ್ಲದಿದ್ದರೆ ಪ್ರಶ್ನೆ, ನಮ್ಮ ಪರವಾಗಿ ವಿಳಾಸ ಹುಡುಕುವ ಸರ್ವರ್ ಆದ ರಿಸಾಲ್ವರ್‌ಗೆ ಹೋಗುತ್ತದೆ. ರಿಸಾಲ್ವರ್ ಹತ್ತಿರವೂ ಉತ್ತರ ಇಲ್ಲದಿದ್ದರೆ ಅದು ರೂಟ್ ಸರ್ವರ್ ಒಂದನ್ನು ಕೇಳುತ್ತದೆ. ರೂಟ್ ಸರ್ವರ್ `.org` ನೋಡಿಕೊಳ್ಳುವವರ ಕಡೆ ಕೈ ತೋರಿಸುತ್ತದೆ, ಅವರು `example.org` ನೋಡಿಕೊಳ್ಳುವವರ ಕಡೆ. ಕೊನೆಗೆ ವಿಳಾಸ ಸಿಗುತ್ತದೆ. ರೂಟ್ ಸರ್ವರ್‌ಗಳಿಗೆ 13 ಹೆಸರುಗಳಿವೆ, `a.root-servers.net` ಇಂದ `m.root-servers.net` ತನಕ. 13 ಹೆಸರು ಅಂದ ಮಾತ್ರಕ್ಕೆ 13 ಯಂತ್ರ ಅಲ್ಲ. ಒಂದೊಂದು ಹೆಸರಿನ ಹಿಂದೆಯೂ ಜಗತ್ತಿನ ಬೇರೆ ಬೇರೆ ಕಡೆ ಹಲವು ಯಂತ್ರಗಳಿವೆ. ಈ ಹುಡುಕಾಟವನ್ನು ಕಣ್ಣಾರೆ ನೋಡಬೇಕಾದರೆ ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಇದನ್ನು ಓಡಿಸಿ:

```
dig +trace www.example.org
```

ಸಿಕ್ಕ ಉತ್ತರದ ಜೊತೆಗೆ ಟಿಟಿಎಲ್ ಅನ್ನುವ ಅವಧಿಯೂ ಬರುತ್ತದೆ. ಅಷ್ಟು ಸೆಕೆಂಡ್ ಆ ಉತ್ತರವನ್ನು ಇಟ್ಟುಕೊಳ್ಳಬಹುದು. ಇದರಿಂದಾಗಿ ದಿನನಿತ್ಯ ಈ ಪೂರ್ತಿ ಸುತ್ತು ಅಪರೂಪ. ಹಾಗಾಗಿ ನಮ್ಮ ಲೆಕ್ಕದಲ್ಲಿ ಡಿಎನ್‌ಎಸ್ ಸಮಯವನ್ನು ಸೇರಿಸುವುದಿಲ್ಲ.

ವಿಳಾಸ ಸಿಕ್ಕಿತು. ಇನ್ನು ಸಂಪರ್ಕ. ಎರಡು ಕಂಪ್ಯೂಟರ್‌ಗಳ ನಡುವೆ ಡೇಟಾ ತಪ್ಪದೆ ಸಾಗಿಸುವ ವಿಧಾನವೇ ಟಿಸಿಪಿ. ಅದರಲ್ಲಿ ಬ್ರೌಸರ್ SYN ಅನ್ನುವ ಪುಟ್ಟ ಸಂದೇಶ ಕಳಿಸುತ್ತದೆ, ಸರ್ವರ್ SYN-ACK ಕಳಿಸುತ್ತದೆ, ಬ್ರೌಸರ್ ACK ಅನ್ನುತ್ತದೆ. ಹೋಗಿ ಬರುವ ಒಂದು ಸುತ್ತು ಆಯಿತು, 100 ಮಿಲಿಸೆಕೆಂಡ್ ಹೋಯಿತು. ಪುಟದ ಬಗ್ಗೆ ಇನ್ನೂ ಒಂದು ಮಾತೂ ಆಡಿಲ್ಲ!

ಆಮೇಲೆ ಟಿಎಲ್‌ಎಸ್. ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮಧ್ಯದಲ್ಲಿ ಯಾರೂ ಓದದ ಹಾಗೆ ಇಬ್ಬರೂ ಸೇರಿ ಒಂದು ಗುಟ್ಟಿನ ಕೀ ಮಾಡಿಕೊಳ್ಳುತ್ತಾರೆ. ಜೊತೆಗೆ, ತಾನು ನಿಜಕ್ಕೂ `www.example.org` ಅಂತ ಸರ್ವರ್ ಸರ್ಟಿಫಿಕೇಟ್ ತೋರಿಸಿ ಸಾಬೀತು ಮಾಡುತ್ತದೆ. ಸರ್ಟಿಫಿಕೇಟ್‌ನಲ್ಲಿರುವ ಹೆಸರು ಸರಿಯೇ, ಅವಧಿ ಮುಗಿದಿದೆಯೇ, ಅದಕ್ಕೆ ಸಹಿ ಹಾಕಿದವರು ತಾನು ನಂಬುವ ಪಟ್ಟಿಗೆ ಸೇರಿದವರೇ ಅಂತ ಬ್ರೌಸರ್ ಪರೀಕ್ಷಿಸುತ್ತದೆ. ಫೋನ್‌ನಲ್ಲಿ ತಾರೀಖು ತಪ್ಪಾಗಿದ್ದರೆ ಒಳ್ಳೆಯ ಸೈಟ್‌ಗಳೂ ಎಚ್ಚರಿಕೆ ತೋರಿಸುವುದು ಇದಕ್ಕೇ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬೀಗದ ಚಿಹ್ನೆ ಇದ್ದರೆ ಸೈಟ್ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಸರ್ಟಿಫಿಕೇಟ್ ಹೇಳುವುದು ಇಷ್ಟೇ: ನೀವು ಮಾತಾಡುತ್ತಿರುವುದು ಈ ಹೆಸರಿನ ಸರ್ವರ್ ಜೊತೆಗೇ, ಮಧ್ಯದಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಆ ಹೆಸರಿನ ಹಿಂದಿರುವವನು ಪ್ರಾಮಾಣಿಕನೋ ಮೋಸಗಾರನೋ ಅದು ಹೇಳುವುದಿಲ್ಲ. ಮೋಸಗಾರನೂ ತನ್ನ ಸೈಟಿಗೆ ಸರ್ಟಿಫಿಕೇಟ್ ಪಡೆಯಬಹುದು. ಈ ತಪ್ಪು ನಂಬಿಕೆಯ ಕಾರಣಕ್ಕೇ ಕ್ರೋಮ್ 2023ರಲ್ಲಿ ವಿಳಾಸ ಬರೆಯುವ ಜಾಗದಿಂದ ಬೀಗದ ಚಿಹ್ನೆಯನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು. ಮನೆಯವರಿಗೆ ಇದನ್ನು ತಿಳಿಸಿ ಹೇಳಿ, ದಯವಿಟ್ಟು.

ಲೆಕ್ಕಕ್ಕೆ ವಾಪಸ್ ಬರೋಣ. 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ಈ ಹಂತ ಒಂದು ಸುತ್ತಿನಲ್ಲಿ ಮುಗಿಯುತ್ತದೆ. ಹಿಂದಿನ 1.2ರಲ್ಲಿ ಸಾಮಾನ್ಯವಾಗಿ ಎರಡು ಬೇಕಿತ್ತು. ಈಗ 200 ಮಿಲಿಸೆಕೆಂಡ್ ಆಯಿತು. ಈಗಷ್ಟೇ ಬ್ರೌಸರ್ ಪುಟ ಕೇಳುತ್ತದೆ. ಹಳೆಯ ಎಚ್‌ಟಿಟಿಪಿ 1.1ರಲ್ಲಿ ಅದು ಹೀಗೆ ಕಾಣುತ್ತದೆ:

```
GET /fest/schedule.html HTTP/1.1
Host: www.example.org
```

ಎರಡನೇ ಸಾಲು ಯಾಕೆ ಅಂದರೆ, ಒಂದೇ ಐಪಿ ವಿಳಾಸದಲ್ಲಿ ಹಲವು ಸೈಟ್‌ಗಳು ಇರಬಹುದು. ಉತ್ತರದ ಮೊದಲ ಬೈಟ್ ಬರುವಷ್ಟರಲ್ಲಿ 300 ಮಿಲಿಸೆಕೆಂಡ್. ಸರ್ವರ್ ಯೋಚಿಸಲು ತೆಗೆದುಕೊಳ್ಳುವ ಸಮಯವನ್ನು ನಾನಿನ್ನೂ ಸೇರಿಸಿಯೇ ಇಲ್ಲ. 2022ರಲ್ಲಿ ಮಾನಕವಾದ ಎಚ್‌ಟಿಟಿಪಿ 3 ಇಲ್ಲೇ ಕತ್ತರಿ ಹಾಕುತ್ತದೆ. ಅದು ಟಿಸಿಪಿ ಬಿಟ್ಟು, ಯುಡಿಪಿ ಅನ್ನುವ ಸರಳ ಸಾಗಣೆ ವಿಧಾನದ ಮೇಲೆ ಕಟ್ಟಿದ ಕ್ವಿಕ್ ಅನ್ನುವ ವಿಧಾನ ಬಳಸುತ್ತದೆ. ಸಂಪರ್ಕ ಮತ್ತು ಟಿಎಲ್‌ಎಸ್ ಎರಡೂ ಒಂದೇ ಸುತ್ತಿನಲ್ಲಿ ಮುಗಿದು 300 ಇದ್ದದ್ದು 200 ಆಗುತ್ತದೆ. ಅಷ್ಟು ದೊಡ್ಡ ಬದಲಾವಣೆ ಮಾಡಿ ಉಳಿಸಿದ್ದು ಒಂದು ಸುತ್ತು. ಒಂದು ಸುತ್ತು ಎಷ್ಟು ದುಬಾರಿ ಅಂತ ಇದರಿಂದಲೇ ತಿಳಿಯುತ್ತದೆ, ಅಲ್ವಾ?

ಎಚ್‌ಟಿಎಂಎಲ್ ಬರಲು ಶುರುವಾಯಿತು. ಪೂರ್ತಿ ಬರಲಿ ಅಂತ ಬ್ರೌಸರ್ ಕಾಯುವುದಿಲ್ಲ. ಬಂದಷ್ಟನ್ನು ಓದುತ್ತಾ ಪುಟದ ಭಾಗಗಳು ಕೊಂಬೆಗಳಂತೆ ಕವಲೊಡೆಯುವ ಡಾಮ್ ಅನ್ನುವ ಮರವನ್ನು ಕಟ್ಟುತ್ತಾ ಹೋಗುತ್ತದೆ. ನೀವು ಟ್ಯಾಗ್ ಮುಚ್ಚಲು ಮರೆತಿದ್ದರೂ ಅದು ಎರರ್ ಕೊಟ್ಟು ನಿಲ್ಲುವುದಿಲ್ಲ. ಅಂಥ ತಪ್ಪುಗಳನ್ನು ಹೇಗೆ ಸರಿಮಾಡಿಕೊಳ್ಳಬೇಕು ಅನ್ನುವುದೂ ಎಚ್‌ಟಿಎಂಎಲ್ ಮಾನಕದಲ್ಲೇ ಬರೆದಿದೆ.

ಆದರೆ ದಾರಿಯಲ್ಲಿ ಒಂದು ಸಾಧಾರಣ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಆ ಜಾವಾಸ್ಕ್ರಿಪ್ಟ್ ಮರವನ್ನೇ ಬದಲಿಸಬಹುದು. ಹಾಗಾಗಿ ಅದನ್ನು ತರಿಸಿ, ಓಡಿಸಿ, ಆಮೇಲೇ ಮುಂದೆ ಹೋಗಬೇಕು. ಅದಕ್ಕೂ ಮುಂಚೆ ಸಿಎಸ್‌ಎಸ್ ಕಡತ ಇದ್ದರೆ ಸ್ಕ್ರಿಪ್ಟ್ ಅದಕ್ಕೂ ಕಾಯಬೇಕು, ಯಾಕೆಂದರೆ ಅದು ಬಣ್ಣ, ಅಳತೆಗಳನ್ನು ಕೇಳಬಹುದು. ಸ್ಕ್ರಿಪ್ಟ್ ಬೇರೆ ಯಾವುದೋ ಸರ್ವರ್‌ನಲ್ಲಿ ಇದ್ದರೆ? ಮತ್ತೆ ಡಿಎನ್‌ಎಸ್, ಮತ್ತೆ ಟಿಸಿಪಿ, ಮತ್ತೆ ಟಿಎಲ್‌ಎಸ್. ಅದೂ ಅಷ್ಟೇ ದೂರ ಇದ್ದರೆ ಇನ್ನೊಂದು 300 ಮಿಲಿಸೆಕೆಂಡ್. ಬ್ರೌಸರ್ ಸುಮ್ಮನೆ ಕೂರುವುದಿಲ್ಲ ಅನ್ನಿ. ಪ್ರೀಲೋಡ್ ಸ್ಕ್ಯಾನರ್ ಅನ್ನುವ ಭಾಗ ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿ, ಬೇಕಾದ ಕಡತಗಳನ್ನು ಮೊದಲೇ ಕೇಳಿಟ್ಟಿರುತ್ತದೆ. ನಮ್ಮ ಕಡೆಯಿಂದ ಬೇಕಾದದ್ದು ಒಂದೇ ಪದ:

```
<script src="app.js" defer></script>
```

`defer` ಇದ್ದರೆ ಕಡತ ಹಿನ್ನೆಲೆಯಲ್ಲಿ ಬರುತ್ತದೆ, ಪುಟ ಓದಿ ಮುಗಿದ ಮೇಲೆ ಓಡುತ್ತದೆ. ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಇವತ್ತೇ ಹಾಕಿ ನೋಡಬಹುದು.

ಡಾಮ್ ಮತ್ತು ಸಿಎಸ್‌ಎಸ್ ಎರಡೂ ಸಿಕ್ಕ ಮೇಲೆ ಯಾವ ಭಾಗಕ್ಕೆ ಯಾವ ಶೈಲಿ ಅಂತ ಬ್ರೌಸರ್ ಲೆಕ್ಕ ಹಾಕುತ್ತದೆ. ಆಮೇಲೆ ಲೇಔಟ್: ಯಾವುದು ಎಲ್ಲಿ, ಎಷ್ಟು ಅಗಲ, ಎಷ್ಟು ಎತ್ತರ. ಚಿತ್ರದ ಅಗಲ, ಎತ್ತರ ನೀವು ಮೊದಲೇ ಹೇಳಿರದಿದ್ದರೆ, ಚಿತ್ರ ಬಂದ ಮೇಲೆ ಕೆಳಗಿನದೆಲ್ಲ ಜಿಗಿಯುತ್ತದೆ. ಓದುತ್ತಿದ್ದ ಸಾಲು ತಪ್ಪಿಹೋಗುವುದು, ಬೇರೆ ಬಟನ್ ಒತ್ತಿಬಿಡುವುದು ಹೀಗೇ.

ಅಕ್ಷರ ಬರೆಯುವುದೂ ಸುಲಭದ ಕೆಲಸ ಅಲ್ಲ. "ಕನ್ನಡ" ಅನ್ನುವ ಪದ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ: ಕ, ನ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15 ಬೈಟ್. ಆ ಎರಡನೇ ನ ಮೊದಲನೆಯದರ ಕೆಳಗೆ ಒತ್ತಕ್ಷರವಾಗಿ ಕೂರಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಹಾರ್ಫ್‌ಬಝ್ ಅನ್ನುವ ಲೈಬ್ರರಿ ಫಾಂಟ್‌ನೊಳಗಿನ ನಿಯಮಗಳನ್ನು ಓದಿ ಇದನ್ನು ಮಾಡುತ್ತದೆ. ಅದು ಓಪನ್ ಸೋರ್ಸ್, ಕೋಡ್ ತೆರೆದು ಓದಬಹುದು. ನಮ್ಮ ಒತ್ತಕ್ಷರಗಳು ತೆರೆಯ ಮೇಲೆ ಸರಿಯಾಗಿ ಕೂರುವುದರ ಹಿಂದೆ ಇಂಥ ಕೆಲಸ ಇದೆ ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಉಳಿದದ್ದು ಪೇಂಟ್ ಮತ್ತು ಕಾಂಪೋಸಿಟ್. ಪುಟವನ್ನು ಪದರ ಪದರವಾಗಿ ಬಿಡಿಸಿ, ಜಿಪಿಯು ಸಹಾಯದಿಂದ ಜೋಡಿಸಿ ತೆರೆಗೆ ಕಳಿಸುತ್ತದೆ. ಸೆಕೆಂಡಿಗೆ 60 ಸಲ ಬದಲಾಗುವ ತೆರೆಯಲ್ಲಿ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಒಂದು ಭಾರದ ಜಾವಾಸ್ಕ್ರಿಪ್ಟ್ 200 ಮಿಲಿಸೆಕೆಂಡ್ ಓಡಿದರೆ, ಅಷ್ಟು ಹೊತ್ತು ಪುಟ ಕಾಣುತ್ತಿದ್ದರೂ ನಿಮ್ಮ ಕ್ಲಿಕ್‌ಗೆ ಉತ್ತರ ಕೊಡುವುದಿಲ್ಲ.

ಮಾತು ಸಾಕು, ಈಗ ನಿಜವಾದ ಪುಟದಲ್ಲೇ ನೋಡೋಣ. ನನ್ನ ಲ್ಯಾಪ್‌ಟಾಪ್‌ನಲ್ಲಿ F12 ಒತ್ತಿ Network ಟ್ಯಾಬ್ ತೆರೆದಿದ್ದೇನೆ, Disable cache ಗುರುತು ಹಾಕಿದ್ದೇನೆ. ಮುಂದಿನ ಸಾಲಿನಿಂದ ಯಾರಾದರೂ ಒಂದು ಸೈಟ್ ಹೆಸರು ಹೇಳಿ. ನಿಮ್ಮದೇ ಪ್ರಾಜೆಕ್ಟ್ ಆದರೆ ಇನ್ನೂ ಒಳ್ಳೆಯದು. ಅದರಲ್ಲಿ ಎಷ್ಟು ಸುತ್ತು ಸುಮ್ನೆ ಹೋಗುತ್ತಿವೆ ಅಂತ ಒಟ್ಟಿಗೆ ಎಣಿಸೋಣ.